ನಂಪೈ ಅರೇಯಿಂದ ಚಿತ್ರದ ತುಣುಕು ತೆಗೆಯುವುದು: ಸ್ಲೈಸ್ ನಕಲಲ್ಲ, ವ್ಯೂ

ಪೈಥಾನ್ ಭಾಷೆಯ ನಂಪೈ ಲೈಬ್ರರಿಯಲ್ಲಿ ಚಿತ್ರವೆಂದರೆ ಸಂಖ್ಯೆಗಳ ಒಂದು ಅರೇ. ಅದರಿಂದ ಆಯತಾಕಾರದ ತುಣುಕು ಬೇಕಾದರೆ ಸಾಲುಗಳ ಮತ್ತು ಕಂಬಸಾಲುಗಳ ಆರಂಭ, ಅಂತ್ಯಗಳನ್ನು ಚೌಕ ಆವರಣದಲ್ಲಿ ಬರೆದರೆ ಸಾಕು. ಹೀಗೆ ಬಂದ ತುಣುಕಿಗೆ ತನ್ನದೇ ಪಿಕ್ಸೆಲ್‌ಗಳಿರುವುದಿಲ್ಲ. ಅದು ಮೂಲ ಚಿತ್ರದ ಮೆಮೊರಿಯನ್ನೇ ಬೇರೆ ಅಳತೆಯಲ್ಲಿ ನೋಡುತ್ತದೆ. ಇಂಥ ಅರೇಯನ್ನು ವ್ಯೂ ಎನ್ನುತ್ತಾರೆ. ಪೈಥಾನಿನ ಸಾಮಾನ್ಯ ಲಿಸ್ಟ್‌ನಲ್ಲಿ ಸ್ಲೈಸ್ ಮಾಡಿದರೆ ಹೊಸ ಲಿಸ್ಟ್ ಸಿಗುತ್ತದೆ. ಅದೇ ಭಾಷೆಯಲ್ಲಿ, ಅದೇ ಬರವಣಿಗೆಗೆ, ಎರಡು ಬೇರೆ ಅರ್ಥಗಳು ಬಂದದ್ದು 1990ರ ದಶಕದ ಒಂದು ತೀರ್ಮಾನದಿಂದ. ಆ ತೀರ್ಮಾನದ ಹಿಂದಿನ ಯೋಚನೆ ಇನ್ನೂ ಹಳೆಯದು.

ಅರೇಯನ್ನು ಎರಡು ಭಾಗ ಮಾಡಿ ಇಡಬಹುದು ಎಂಬುದೇ ಆ ಯೋಚನೆ. ಒಂದು ಭಾಗ ಮೆಮೊರಿಯಲ್ಲಿ ಉದ್ದಕ್ಕೆ ಸಾಲಾಗಿ ಕೂತ ಬೈಟ್‌ಗಳು. ಇನ್ನೊಂದು ಆ ಬೈಟ್‌ಗಳನ್ನು ಹೇಗೆ ಓದಬೇಕೆಂದು ತಿಳಿಸುವ ಪುಟ್ಟ ವಿವರಪಟ್ಟಿ: ಎಲ್ಲಿಂದ ಶುರು, ಪ್ರತಿ ದಿಕ್ಕಿನಲ್ಲಿ ಎಷ್ಟು ಅಂಶಗಳು, ಒಂದು ಅಂಶದಿಂದ ಮುಂದಿನದಕ್ಕೆ ಹೋಗಲು ಎಷ್ಟು ಬೈಟ್ ದಾಟಬೇಕು. ಈ ಕೊನೆಯ ಅಂತರಕ್ಕೆ ಸ್ಟ್ರೈಡ್ ಎಂದು ಹೆಸರು. 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಫಿಲಿಪ್ ಅಬ್ರಾಮ್ಸ್ ತಮ್ಮ ಪ್ರಬಂಧದಲ್ಲಿ ಎಪಿಎಲ್ ಭಾಷೆಗಾಗಿಯೇ ಒಂದು ಯಂತ್ರವನ್ನು ರೂಪಿಸಿದರು. ಅರೇಯ ಒಂದು ಭಾಗವನ್ನು ಆರಿಸುವುದು, ಹಿಂದುಮುಂದು ಮಾಡುವುದು, ಸಾಲು ಕಂಬಸಾಲುಗಳನ್ನು ಅದಲುಬದಲು ಮಾಡುವುದು ಮುಂತಾದ ಕೆಲಸಗಳಿಗೆ ಬೈಟ್‌ಗಳನ್ನು ಮುಟ್ಟಬೇಕಿಲ್ಲ, ವಿವರಪಟ್ಟಿಯನ್ನು ತಿದ್ದಿದರೆ ಆಯಿತು ಎಂದು ಅಲ್ಲಿ ತೋರಿಸಿದರು. ನಂಪೈ ಇಂದಿಗೂ ನಡೆಯುತ್ತಿರುವುದು ಇದೇ ದಾರಿಯಲ್ಲಿ.

ಪೈಥಾನಿಗೆ ಈ ವ್ಯವಸ್ಥೆ ಬಂದದ್ದು ನ್ಯೂಮರಿಕ್ ಎಂಬ ಲೈಬ್ರರಿಯ ಮೂಲಕ. 1995ರಲ್ಲಿ ಎಂಐಟಿಯ ವಿದ್ಯಾರ್ಥಿಯಾಗಿದ್ದ ಜಿಮ್ ಹ್ಯೂಗುನಿನ್ ಅದನ್ನು ಬರೆಯತೊಡಗಿದರು. ಕಾನ್ರಾಡ್ ಹಿನ್ಸೆನ್, ಡೇವಿಡ್ ಆಶರ್, ಪಾಲ್ ಡುಬಾಯ್ಸ್ ಮೊದಲಾದವರು ಜೊತೆಗಿದ್ದರು. ಈ ಗುಂಪಿನ ಕೋರಿಕೆಯಿಂದಲೇ ಪೈಥಾನ್ 1.4ರ ಸ್ಲೈಸ್ ಬರವಣಿಗೆಗೆ ಮೂರನೆಯ ಸಂಖ್ಯೆ, ಅಂದರೆ ಎಷ್ಟೆಷ್ಟು ಬಿಟ್ಟು ತೆಗೆಯಬೇಕೆಂಬ ಹೆಜ್ಜೆ, ಸೇರಿತು. ಲಿಸ್ಟ್‌ಗಳು ಅದನ್ನು ಒಪ್ಪಿದ್ದು ಪೈಥಾನ್ 2.3ರಲ್ಲಿ. ಭಾಷೆಯ ವ್ಯಾಕರಣವೇ ಅರೇಗಳಿಗಾಗಿ ಬದಲಾಗಿತ್ತು. ಆದರೆ ಸ್ಲೈಸ್ ಏನನ್ನು ಕೊಡಬೇಕು ಎಂಬ ವಿಷಯದಲ್ಲಿ ನ್ಯೂಮರಿಕ್ ಲಿಸ್ಟ್‌ನ ದಾರಿ ಹಿಡಿಯಲಿಲ್ಲ, ವ್ಯೂ ಕೊಟ್ಟಿತು.

ಇದು ಸರಿಯೇ ಎಂಬ ಪ್ರಶ್ನೆ 2001ರಲ್ಲಿ ಬಹಿರಂಗವಾಗಿ ಎದ್ದಿತು. ಪಾಲ್ ಬ್ಯಾರೆಟ್ ಮತ್ತು ಟ್ರಾವಿಸ್ ಆಲಿಫಂಟ್ ಬರೆದ ಪೆಪ್ 209 ಎಂಬ ಪ್ರಸ್ತಾವ ಹೊಸ ಅರೇ ಲೈಬ್ರರಿಯ ರೂಪುರೇಷೆಯನ್ನು ಮುಂದಿಟ್ಟಿತ್ತು. ಸ್ಲೈಸ್ ನಕಲು ಕೊಡಬೇಕೋ ವ್ಯೂ ಕೊಡಬೇಕೋ ಎಂಬುದು ಅದರ ತೀರ್ಮಾನವಾಗದ ಪ್ರಶ್ನೆಗಳಲ್ಲಿ ಒಂದು. ನ್ಯೂಮರಿಕ್ ವ್ಯೂ ಆರಿಸಿಕೊಂಡದ್ದು ವೇಗಕ್ಕಾಗಿ ಎಂದು ಪ್ರಸ್ತಾವ ಗುರುತಿಸಿತು. ಲಿಸ್ಟ್‌ಗೂ ಅರೇಗೂ ಒಂದೇ ನಡತೆ ಇರಲಿ ಎನ್ನುವವರ ವಾದವನ್ನೂ ಅದು ದಾಖಲಿಸಿತು. ಎರಡಕ್ಕೂ ನಡುವಿನ ದಾರಿಯೊಂದನ್ನು ಸೂಚಿಸಿತು: ಓದುವಷ್ಟು ಕಾಲ ಮೆಮೊರಿ ಹಂಚಿಕೊಂಡಿರಲಿ, ಯಾರಾದರೂ ಬರೆದ ಕ್ಷಣ ನಕಲಾಗಲಿ. ಆ ಪ್ರಸ್ತಾವ ಜಾರಿಗೆ ಬರಲಿಲ್ಲ. ಹಬಲ್ ದೂರದರ್ಶಕದ ಚಿತ್ರಗಳನ್ನು ನಿಭಾಯಿಸುವ ಸ್ಪೇಸ್ ಟೆಲಿಸ್ಕೋಪ್ ಸೈನ್ಸ್ ಇನ್‌ಸ್ಟಿಟ್ಯೂಟ್‌ನಲ್ಲಿ ಪೆರಿ ಗ್ರೀನ್‌ಫೀಲ್ಡ್ ಮತ್ತು ಸಂಗಡಿಗರು ಕಟ್ಟಿದ ನಮ್‌ಅರೇ ಕೂಡ ವ್ಯೂಗಳನ್ನೇ ಉಳಿಸಿಕೊಂಡಿತು. 2005ರಲ್ಲಿ ಆಲಿಫಂಟ್ ನ್ಯೂಮರಿಕ್ ಮತ್ತು ನಮ್‌ಅರೇ ಎರಡನ್ನೂ ಒಂದುಗೂಡಿಸಲು ಹೊರಟರು. 2006ರ ಅಕ್ಟೋಬರ್‌ನಲ್ಲಿ ನಂಪೈ 1.0 ಹೊರಬಂದಾಗ ಹಳೆಯ ತೀರ್ಮಾನ ಹಾಗೆಯೇ ಉಳಿದಿತ್ತು. ನಂತರ ಬಂದ ಜೂಲಿಯಾ ಭಾಷೆ ಬೇರೆ ದಾರಿ ಹಿಡಿಯಿತು. ಅಲ್ಲಿ ಸ್ಲೈಸ್ ನಕಲನ್ನೇ ಕೊಡುತ್ತದೆ, ವ್ಯೂ ಬೇಕೆಂದರೆ ಬಾಯಿಬಿಟ್ಟು ಕೇಳಬೇಕು.

ಚಿತ್ರದ ಮಟ್ಟಿಗೆ ಇದು ಹೇಗೆ ನಡೆಯುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. 3000 ಸಾಲು, 4000 ಕಂಬಸಾಲು, ಪ್ರತಿ ಪಿಕ್ಸೆಲ್‌ಗೆ ಮೂರು ಬಣ್ಣ, ಪ್ರತಿ ಬಣ್ಣಕ್ಕೆ ಒಂದು ಬೈಟ್ ಇರುವ ಫೋಟೊ ತೆಗೆದುಕೊಳ್ಳೋಣ. ಒಟ್ಟು 3,60,00,000 ಬೈಟ್. ಒಂದು ಸಾಲಿನಿಂದ ಮುಂದಿನ ಸಾಲಿಗೆ 12,000 ಬೈಟ್, ಒಂದು ಪಿಕ್ಸೆಲ್‌ನಿಂದ ಪಕ್ಕದ್ದಕ್ಕೆ 3, ಒಂದು ಬಣ್ಣದಿಂದ ಇನ್ನೊಂದಕ್ಕೆ 1.

```python
patch = img[500:756, 1200:1456]
patch.shape                    # (256, 256, 3)
patch.strides                  # (12000, 3, 1)
np.shares_memory(img, patch)   # True
```

ತುಣುಕಿನ ಸ್ಟ್ರೈಡ್‌ಗಳು ಮೂಲ ಚಿತ್ರದವೇ. ಬದಲಾದದ್ದು ಎರಡೇ. ಆಕಾರ ಚಿಕ್ಕದಾಯಿತು. ಆರಂಭದ ಸ್ಥಾನ 500 × 12,000 + 1200 × 3, ಅಂದರೆ 60,03,600 ಬೈಟ್ ಮುಂದೆ ಸರಿಯಿತು. ತುಣುಕನ್ನು ಓದುವಾಗ ಕಂಪ್ಯೂಟರ್ 768 ಬೈಟ್ ಓದಿ, ನಡುವಿನ 11,232 ಬೈಟ್ ಹಾರಿ, ಮುಂದಿನ ಸಾಲಿನ 768 ಬೈಟ್ ಓದುತ್ತದೆ. ತುಣುಕು ಎಷ್ಟೇ ದೊಡ್ಡದಿರಲಿ, ಅದನ್ನು ತೆಗೆಯುವ ಕೆಲಸ ಆ ಎರಡು ಬದಲಾವಣೆಗಳಷ್ಟೇ. ಸ್ಲೈಸ್‌ನ ಅಂಶಗಳು ಸಮ ಅಂತರದಲ್ಲಿರುವುದರಿಂದ ಪುಟ್ಟ ವಿವರಪಟ್ಟಿಯಲ್ಲಿ ಅವನ್ನು ಹಿಡಿದಿಡಲು ಸಾಧ್ಯ. 3ನೆಯ, 17ನೆಯ, 18ನೆಯ ಸಾಲುಗಳು ಬೇಕೆಂದು ಲಿಸ್ಟ್ ಕೊಟ್ಟರೆ ಯಾವ ಒಂದು ಸ್ಟ್ರೈಡ್‌ನಲ್ಲೂ ಅದನ್ನು ಬರೆಯಲಾಗದು. ಆದ್ದರಿಂದಲೇ ಲಿಸ್ಟ್‌ನಿಂದಲೋ ಸರಿತಪ್ಪು ಮಾಸ್ಕ್‌ನಿಂದಲೋ ಆರಿಸಿದಾಗ ನಂಪೈ ನಕಲು ಕೊಡುತ್ತದೆ.

ತೊಂದರೆ ಶುರುವಾಗುವುದು ತುಣುಕಿನೊಳಗೆ ಬರೆದಾಗ. ಮೇಲಿನ ಫೋಟೊವನ್ನು 256 × 256ರ ತುಣುಕುಗಳಾಗಿ, 128 ಪಿಕ್ಸೆಲ್ ಹೆಜ್ಜೆಯಲ್ಲಿ ತೆಗೆದು, ಪ್ರತಿಯೊಂದರ ಹೊಳಪನ್ನು ಅರ್ಧಕ್ಕಿಳಿಸಬೇಕೆಂದುಕೊಳ್ಳಿ.

```python
for y in range(0, 3000 - 255, 128):
    for x in range(0, 4000 - 255, 128):
        p = img[y:y+256, x:x+256]
        p //= 2
        save(p)
```

`save` ಎಂಬುದು ತುಣುಕನ್ನು ಡಿಸ್ಕಿಗೆ ಬರೆಯುವ ಯಾವುದೋ ಫಂಕ್ಷನ್ ಎನ್ನೋಣ. ಕೆಳಕ್ಕೆ 22, ಅಡ್ಡಕ್ಕೆ 30, ಒಟ್ಟು 660 ತುಣುಕುಗಳು. ಇಡೀ ಚಿತ್ರದಲ್ಲಿ ಎಲ್ಲ ಪಿಕ್ಸೆಲ್‌ಗಳ ಬೆಲೆ 200 ಇದ್ದರೆ ಮೊದಲ ತುಣುಕಿನಲ್ಲಿ ಎಲ್ಲೆಡೆ 100 ಬರುತ್ತದೆ, ಅದು ಸರಿ. ಎರಡನೆಯ ತುಣುಕಿನ ಎಡ ಅರ್ಧ ಮೊದಲನೆಯದರ ಬಲ ಅರ್ಧವೇ ಆಗಿರುವುದರಿಂದ ಅಲ್ಲಿ ಆಗಲೇ 100 ಇದೆ, ಈಗ 50 ಆಗುತ್ತದೆ. ಚಿತ್ರದ ಒಳಭಾಗದ ಪ್ರತಿ ಪಿಕ್ಸೆಲ್ ನಾಲ್ಕು ತುಣುಕುಗಳಿಗೆ ಸೇರುತ್ತದೆ: 200, 100, 50, 25, ಕೊನೆಗೆ 12. ಯಾವ ತಪ್ಪಿನ ಸಂದೇಶವೂ ಬರುವುದಿಲ್ಲ. ಆದರೆ ಕೆಲಸ ಮುಗಿದ ಮೇಲೆ ಮೂಲ ಚಿತ್ರವನ್ನು ತೆರೆದು ನೋಡಿದರೆ ಗುರುತು ಸಿಗುತ್ತದೆ. ಮೂಲೆಯಲ್ಲಿ 128 ಪಿಕ್ಸೆಲ್ ಚೌಕದಲ್ಲಿ 100, ಅಂಚಿನ ಪಟ್ಟಿಯಲ್ಲಿ 50, ಒಳಗೆಲ್ಲ ಕಡುಕಪ್ಪಿಗೆ ಹತ್ತಿರದ 12. ಕೆಳಗಿನ 56 ಸಾಲು ಮತ್ತು ಬಲಗಡೆಯ 32 ಕಂಬಸಾಲುಗಳನ್ನು ಯಾವ ತುಣುಕೂ ಮುಟ್ಟದೆ ಅಲ್ಲಿ 200 ಹಾಗೆಯೇ ಉಳಿದಿರುತ್ತದೆ. ಚಿತ್ರದಲ್ಲಿ 128ರ ಅಗಲದ ಪಟ್ಟಿಗಳು ಕಂಡರೆ ಸಂಶಯ ಬೇಡ, ಯಾರೋ ವ್ಯೂ ಒಳಗೆ ಬರೆದಿದ್ದಾರೆ.

ಪರಿಹಾರ ಒಂದು ಸಾಲಿನದು. `p //= 2` ಎಂಬುದರ ಬದಲು `p = p // 2` ಎಂದರೆ ಫಲಿತಾಂಶಕ್ಕೆ ಹೊಸ ಅರೇ ಹುಟ್ಟುತ್ತದೆ, ಮೂಲ ಚಿತ್ರ ಹಾಗೆಯೇ ಉಳಿಯುತ್ತದೆ. ಎರಡೂ ಸಾಲುಗಳನ್ನು ಓದುವ ಕಣ್ಣಿಗೆ ವ್ಯತ್ಯಾಸ ಬಹಳ ಸಣ್ಣದು, ಅಪಾಯ ಇರುವುದೇ ಅಲ್ಲಿ. ತುಣುಕಿನ ಮೇಲೆ ಮುಂದೆ ಏನೇನು ನಡೆಯುತ್ತದೋ ಗೊತ್ತಿಲ್ಲದಿದ್ದರೆ, ಉದಾಹರಣೆಗೆ ಬೇರೆ ಲೈಬ್ರರಿಯ ಫಂಕ್ಷನ್ ಒಂದು ಅದರ ಮೇಲೆ ಚೌಕ ಎಳೆಯುವಂತಿದ್ದರೆ, `.copy()` ಎಂದು ಆರಂಭದಲ್ಲೇ ಬರೆಯುವುದು ಒಳ್ಳೆಯದು.

ಇದೇ ಜಾತಿಯ ಒಂದು ತೊಡಕನ್ನು ನಂಪೈ ತಾನೇ ಸರಿಪಡಿಸಿಕೊಂಡಿದೆ. ಒಂದೇ ಲೆಕ್ಕದ ಸಾಲಿನಲ್ಲಿ ಓದುವ ಮತ್ತು ಬರೆಯುವ ವ್ಯೂಗಳು ಒಂದರ ಮೇಲೊಂದು ಬಿದ್ದರೆ ಉತ್ತರ ಏನಾಗುತ್ತದೆಂದು ಮೊದಲು ಖಾತ್ರಿ ಇರಲಿಲ್ಲ. 2017ರ ನಂಪೈ 1.13ರಿಂದ ಇಂಥ ಕಡೆ ಅದು ತಾತ್ಕಾಲಿಕ ನಕಲು ಮಾಡಿಕೊಂಡು, ಮೆಮೊರಿ ಬೇರೆಬೇರೆ ಇದ್ದಿದ್ದರೆ ಬರುತ್ತಿದ್ದ ಉತ್ತರವನ್ನೇ ಕೊಡುತ್ತದೆ. ಆದರೆ ಮೇಲಿನ ಲೂಪ್‌ನಂತೆ ಬೇರೆಬೇರೆ ಸುತ್ತುಗಳಲ್ಲಿ ನಡೆಯುವ ಬರವಣಿಗೆಯನ್ನು ಅದು ತಡೆಯಲಾರದು.

ಇನ್ನೊಂದು ನಷ್ಟ ಮೆಮೊರಿಯದು, ಗಮನಕ್ಕೆ ಬರುವುದು ತಡವಾಗಿ. ಸಾವಿರ ಫೋಟೊಗಳನ್ನು ಒಂದೊಂದಾಗಿ ತೆರೆದು, ಪ್ರತಿಯೊಂದರಿಂದ ಒಂದು ತುಣುಕನ್ನು ಲಿಸ್ಟ್‌ಗೆ ಸೇರಿಸುತ್ತ ಹೋದರೆ, `patch.nbytes` ಪ್ರತಿ ತುಣುಕಿಗೆ 1,96,608 ಬೈಟ್ ಎನ್ನುತ್ತದೆ. ಸಾವಿರಕ್ಕೆ 20 ಕೋಟಿ ಬೈಟ್ ಕೂಡ ಆಗದು. ಆದರೆ ಪ್ರತಿ ವ್ಯೂ ತನ್ನ `base` ಮೂಲಕ ಮೂಲ ಅರೇಯನ್ನು ಹಿಡಿದುಕೊಂಡಿರುತ್ತದೆ. ತುಣುಕು ಇರುವವರೆಗೆ ಫೋಟೊದ ಮೂರು ಕೋಟಿ ಅರವತ್ತು ಲಕ್ಷ ಬೈಟ್‌ಗಳೂ ಮೆಮೊರಿಯಲ್ಲಿರುತ್ತವೆ. ಹೀಗೆ ಸಾವಿರ ತುಣುಕಿಗೆ 36 ಗಿಗಾಬೈಟ್ ಬೇಕಾಗುತ್ತದೆ. ಪ್ರೋಗ್ರಾಂ ಅರ್ಧ ದಾರಿಯಲ್ಲಿ ನಿಂತಾಗ ಲೆಕ್ಕ ಎಲ್ಲಿ ತಪ್ಪಿತೆಂದು ತಿಳಿಯದೆ ಒದ್ದಾಡುವವರು `patch.base` ಏನೆಂದು ಕೇಳಿ ನೋಡಬೇಕು. ಅಲ್ಲಿ `None` ಬಾರದೆ ದೊಡ್ಡ ಅರೇ ಬಂದರೆ ಕಾರಣ ಸಿಕ್ಕಂತೆ. ಮೂಲ ಚಿತ್ರವನ್ನು ಬಿಟ್ಟು ತುಣುಕನ್ನಷ್ಟೇ ಇಟ್ಟುಕೊಳ್ಳುವವರಿಗೆ ನಕಲೇ ಅಗ್ಗ.

ಚಿತ್ರದ ಅಂಚು ಇನ್ನೊಂದು ಮಾತು. ಗಡಿ ಮೀರಿದ ಸ್ಲೈಸ್ ತಪ್ಪೆಂದು ನಂಪೈ ಹೇಳುವುದಿಲ್ಲ. `img[2900:3156]` ಕೇಳಿದರೆ 256ರ ಬದಲು 100 ಸಾಲು ಬರುತ್ತದೆ. 100ನೆಯ ಸಾಲನ್ನು ನಡುವಾಗಿಟ್ಟು 128 ಕಳೆದರೆ ಆರಂಭ -28 ಆಗುತ್ತದೆ. ಪೈಥಾನಿನಲ್ಲಿ ಅದು ಕೊನೆಯಿಂದ 28ನೆಯದು, ಅಂದರೆ 2972ನೆಯ ಸಾಲು. `img[-28:228]` ಹೀಗೆ 2972ರಿಂದ 228ರವರೆಗೆ ಎಂದಾಗಿ ಸೊನ್ನೆ ಸಾಲಿನ ತುಣುಕು ಸಿಗುತ್ತದೆ. ತುಣುಕು ತೆಗೆದ ಕೂಡಲೇ `shape` ನೋಡುವ ಅಭ್ಯಾಸ ಇದಕ್ಕೆ ಸಾಕು.

2021ರ ಜನವರಿಯಲ್ಲಿ ಬಂದ ನಂಪೈ 1.20ರಲ್ಲಿ `sliding_window_view` ಎಂಬ ಫಂಕ್ಷನ್ ಸೇರಿತು. ಮೇಲಿನ 660 ತುಣುಕುಗಳನ್ನೂ ಅದು ಒಂದೇ ಅರೇಯಾಗಿ, ಒಂದು ಪಿಕ್ಸೆಲನ್ನೂ ನಕಲು ಮಾಡದೆ ಕೊಡಬಲ್ಲದು.

```python
from numpy.lib.stride_tricks import sliding_window_view
w = sliding_window_view(img, (256, 256, 3))[::128, ::128]
w.shape    # (22, 30, 1, 256, 256, 3)
```

ಇಷ್ಟನ್ನೇ ನಕಲು ಮಾಡಿ ಇಟ್ಟರೆ ಸುಮಾರು 13 ಕೋಟಿ ಬೈಟ್ ಬೇಕು. ಬೇರೆ ವ್ಯೂಗಳಿಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ತುಣುಕುಗಳು ಒಂದರ ಮೇಲೊಂದು ಬಿದ್ದಿರುವುದರಿಂದ, `writeable=True` ಎಂದು ಬಳಸುವವರೇ ಬರೆದು ಕೇಳದ ಹೊರತು ಈ ಫಂಕ್ಷನ್ ಕೊಡುವ ವ್ಯೂ ಓದಲು ಮಾತ್ರ.