ಬಾಡಿಗೆ ಮನೆಯ ಕೀಲಿ ಮತ್ತು ಚಿಲಕ

ಹುಬ್ಬಳ್ಳಿಯ ಕಮರಿಪೇಟೆಯಂಥ ಹಳೇ ಓಣಿಗಳಲ್ಲಿ ಬಾಡಿಗೆಗೆ ಬರುವವರು ಮೊದಲು ಮಾಡಬೇಕಾದದ್ದು ಸ್ವಂತ ಕೀಲಿ ತರುವುದು. ಹಿಂದಿನ ಬಾಡಿಗೆದಾರರ ಬಳಿ ಎಷ್ಟು ಕೀಲಿಕೈ ಉಳಿದಿವೆಯೋ ಮಾಲೀಕರಿಗೂ ಗೊತ್ತಿರುವುದಿಲ್ಲ. ಬಾಗಿಲೊಳಗೆ ಕೂಡಿಸಿದ ಲಾಕ್ ಇದ್ದರೆ ಮಾಲೀಕರ ಒಪ್ಪಿಗೆ ಪಡೆದು, ಅದರ ಸಿಲಿಂಡರ್ ಮಾತ್ರ ಬದಲಿಸಿದರೆ ಸಾಕು. ಬಹುತೇಕ ಒಂದೇ ಉದ್ದನೆಯ ಸ್ಕ್ರೂ ಬಿಚ್ಚುವ ಕೆಲಸ.

ಚಿಲಕಕ್ಕೆ ಹಾಕುವ ಕೀಲಿಯಲ್ಲಿ ಏಳು ಲಿವರಿನದು ಮನೆಗೆ ತಕ್ಕದ್ದು. ಲಿವರ್ ಹೆಚ್ಚಿದಷ್ಟೂ ಕಳ್ಳ ಕೀಲಿಕೈ ಕೂಡುವುದು ಕಷ್ಟ. ಮಳೆ ಬೀಳುವ ಬಾಗಿಲಿಗೆ ತುಕ್ಕು ಹಿಡಿಯದ ಹಿತ್ತಾಳೆ ಒಳ್ಳೆಯದು. ಅಂಗಡಿಯಲ್ಲೇ ಆಯಸ್ಕಾಂತ ಹಿಡಿದು ನೋಡಿ: ಒಡಲು ಅಂಟಿಕೊಂಡರೆ ಅದು ಹಿತ್ತಾಳೆ ಬಣ್ಣದ ಕಬ್ಬಿಣ. ಕೊಕ್ಕೆ ಮಾತ್ರ ಗಟ್ಟಿ ಉಕ್ಕಿನದಿರಬೇಕು.

ಕಳ್ಳರು ಸಾಮಾನ್ಯವಾಗಿ ಕೀಲಿಯನ್ನಲ್ಲ, ಚಿಲಕದ ಕೊಂಡಿಯನ್ನು ಮೀಟುತ್ತಾರೆ. ಹಳೇ ಚೌಕಟ್ಟಿನಲ್ಲಿ ಸಣ್ಣ ಸ್ಕ್ರೂಗಳು ಸಡಿಲಾಗಿ, ಒಂದು ಸರಳಿಗೆ ಕಿತ್ತು ಬರುತ್ತವೆ. ಕೊಂಡಿ ಹಿಡಿದು ಅಲುಗಾಡಿಸಿ. ಕದಲಿದರೆ ಚೌಕಟ್ಟಿನ ಆರಪಾರ ಎರಡು ಬೋಲ್ಟ್ ಹಾಕಿಸಿ, ನಟ್ ಒಳಬದಿಗೆ ಬರಲಿ. ದುಬಾರಿ ಕೀಲಿಗಿಂತ ಈ ಎರಡು ಬೋಲ್ಟು ಮುಖ್ಯ. ಮನೆ ಬಿಡುವಾಗ ಕೀಲಿ ನಿಮ್ಮ ಜೊತೆ ಬರುತ್ತದೆ, ಬೋಲ್ಟ್ ಮಾಲೀಕರಿಗೆ ಉಳಿಯುತ್ತದೆ. ಅದರ ಖರ್ಚನ್ನು ಮೊದಲೇ ಮಾತಾಡಿಕೊಳ್ಳಿ.