490 ಉಲ್ಲೇಖಗಳ ಲೇಖನ

2010ರಲ್ಲಿ ‘ಮೆಡಿಕಲ್ ಸೈನ್ಸ್ ಮಾನಿಟರ್’ ಎಂಬ ಪತ್ರಿಕೆಯಲ್ಲಿ ಒಂದು ಸಮೀಕ್ಷಾ ಲೇಖನ ಬಂತು. ಅದರ 490 ಉಲ್ಲೇಖಗಳಲ್ಲಿ 445 ‘ಸೆಲ್ ಟ್ರಾನ್ಸ್‌ಪ್ಲಾಂಟೇಶನ್’ ಎಂಬ ಒಂದೇ ಪತ್ರಿಕೆಯವು, ಎಲ್ಲವೂ 2008 ಮತ್ತು 2009ರವು. ಉಳಿದ 45ರಲ್ಲಿ 44 ಮಾನಿಟರ್‌ನವೇ! ನಾಲ್ವರು ಲೇಖಕರಲ್ಲಿ ಮೂವರು ಸೆಲ್ ಟ್ರಾನ್ಸ್‌ಪ್ಲಾಂಟೇಶನ್‌ನ ಸಂಪಾದಕ ಮಂಡಳಿಯವರು.

ಆ ಎರಡೇ ವರ್ಷ ಯಾಕೆ? ಪತ್ರಿಕೆಯೊಂದರ 2010ರ ಇಂಪ್ಯಾಕ್ಟ್ ಫ್ಯಾಕ್ಟರ್ ಎಂದರೆ, ಅದರ ಹಿಂದಿನ ಎರಡು ವರ್ಷಗಳ ಲೇಖನಗಳಿಗೆ 2010ರಲ್ಲಿ ಸಿಕ್ಕ ಉಲ್ಲೇಖಗಳ ಸರಾಸರಿ. ಪತ್ರಿಕೆ ತನ್ನನ್ನೇ ಉಲ್ಲೇಖಿಸಿಕೊಂಡರೆ ಅಂಕಿಪಟ್ಟಿಯಲ್ಲಿ ಕೂಡಲೇ ಕಾಣುತ್ತದೆ. ಪಕ್ಕದ ಮನೆಯವರ ಬಾಯಲ್ಲಿ ಹೊಗಳಿಸಿಕೊಂಡರೆ ಅಷ್ಟು ಸುಲಭಕ್ಕೆ ಕಾಣುವುದಿಲ್ಲ. ಒಂದೊಂದು ಉಲ್ಲೇಖವನ್ನೂ ಬಿಡಿಯಾಗಿ ನೋಡಿದರೆ ತಪ್ಪೇನೂ ಇಲ್ಲ. ಒಟ್ಟಿಗೆ ಎಣಿಸಿ, ಇಸವಿ ನೋಡಿದರಷ್ಟೇ ಗುಟ್ಟು ಸಿಗುತ್ತದೆ.

2012ರಲ್ಲಿ ಫಿಲ್ ಡೇವಿಸ್ ಹಾಗೆ ಎಣಿಸಿ ಬರೆದರು. ಅದೇ ವರ್ಷ ಥಾಮ್ಸನ್ ರಾಯ್ಟರ್ಸ್ ಎರಡೂ ಪತ್ರಿಕೆಗಳಿಗೆ 2011ರ ಇಂಪ್ಯಾಕ್ಟ್ ಫ್ಯಾಕ್ಟರ್ ಕೊಡಲಿಲ್ಲ.