ಬಾರ್‌ಕೋಡ್ ಹೇಳೋ ಹೆಸರು, ಹೇಳದ ಹೆಸರು

1974ರ ಜೂನ್ 26. ಅಮೆರಿಕದ ಓಹಾಯೊ ರಾಜ್ಯದ ಟ್ರಾಯ್ ಊರಿನ ಮಾರ್ಷ್ ಸೂಪರ್‌ಮಾರ್ಕೆಟ್. ಅಂಗಡಿಯ ಗಲ್ಲಾದಲ್ಲಿ ಈ ಬಾರ್‌ಕೋಡ್ ಮೊದಲ ಸಲ ಸ್ಕ್ಯಾನ್ ಆಗಿದ್ದು ರಿಗ್ಲಿ ಕಂಪನಿಯ ಜ್ಯೂಸಿ ಫ್ರೂಟ್ ಚೂಯಿಂಗ್ ಗಮ್ ಮೇಲೆ. ಬೆಲೆ 67 ಸೆಂಟ್.

ರಿಗ್ಲಿ ಗಮ್ಮಿನ ಕೋಡ್‌ನಲ್ಲಿ 12 ಅಂಕಿ. ಮೊದಲ ಆರು, 022000, ಕಂಪನಿಗೆ ಸಿಕ್ಕ ಸಂಖ್ಯೆ. ಮುಂದಿನ ಐದು ಆ ಕಂಪನಿಯೇ ತನ್ನ ಒಂದೊಂದು ಸರಕಿಗೆ ಕೊಟ್ಟಿದ್ದು. ಕೊನೆಯದು, ಸ್ಕ್ಯಾನರ್ ಸರಿಯಾಗಿ ಓದಿತಾ ಅಂತ ತಾಳೆ ನೋಡೋಕೆ.

ಹಾಗಾದ್ರೆ ಆರಂಕಿ ನೋಡಿದ್ರೆ ಮಾಲೀಕರು ಗೊತ್ತಾಗ್ತಾರೆ, ಅಲ್ವಾ? ಇಲ್ಲ. 2008ರಲ್ಲಿ ರಿಗ್ಲಿಯನ್ನು ಮಾರ್ಸ್ ಕಂಪನಿ ಕೊಂಡುಕೊಂಡಿತು. ಗಮ್ಮಿನ ಮೇಲೆ 022000 ಹಾಗೇ ಉಳಿಯಿತು.

ಇನ್ನೊಂದು ಮೋಸ: ಎಲ್ಲರ ಸಂಖ್ಯೆಯೂ ಆರಂಕಿಯಲ್ಲ. ಸರಕು ಕಡಿಮೆ ಇರೋ ಕಂಪನಿಗೆ ಉದ್ದದ ಸಂಖ್ಯೆ ಕೊಡ್ತಾರೆ. ಅಲ್ಲಿ ಆರಕ್ಕೇ ಕತ್ತರಿಸಿದ್ರೆ ಹಲವು ಕಂಪನಿಗಳು ಒಂದೇ ಥರ ಕಾಣ್ತವೆ. ಅದಕ್ಕೇ ಜಿಎಸ್1 ಸಂಸ್ಥೆಯ ಜಾಲತಾಣದಲ್ಲಿ ಪೂರ್ತಿ ಸಂಖ್ಯೆ ಹಾಕಿ ಹುಡುಕಬೇಕು.

ನಮ್ಮ 890ರ ಕಥೆಯೂ ಇಷ್ಟೇ. ಆ ಸಂಖ್ಯೆ ಕೊಟ್ಟಿದ್ದು ಜಿಎಸ್1 ಇಂಡಿಯಾ ಅಂತ ಅರ್ಥ, ಸರಕು ಭಾರತದಲ್ಲೇ ತಯಾರಾಯ್ತು ಅಂತಲ್ಲ. ಬ್ರ್ಯಾಂಡ್ ಒಬ್ಬರದು, ಕಾರ್ಖಾನೆ ಇನ್ನೊಬ್ಬರದು ಇರಬಹುದು. ನಿಜವಾಗಿ ಮಾಡಿದವರು ಯಾರು? ಪೊಟ್ಟಣದ ಹಿಂದೆ ಸಣ್ಣಕ್ಷರದಲ್ಲಿರೋ ತಯಾರಕರ ವಿಳಾಸ ಓದಿ.